ಸಿರೋಸಿಸ್ ಇದ್ದವರ ಮಾತ್ರೆ ಡಬ್ಬಿ: ಹೆದರಬೇಕಾದ್ದು ಯಾವುದಕ್ಕೆ?

ಲಿವರ್ ಸಿರೋಸಿಸ್ ಇರುವವರ ಮನೆಗಳಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ. ಪ್ಯಾರಾಸಿಟಮಾಲ್ ಲಿವರ್‌ಗೆ ವಿಷ, ಅದನ್ನು ಮುಟ್ಟಲೇಬಾರದು ಎಂಬುದು ಆ ನಂಬಿಕೆ. ಜ್ವರ ಬಂದರೆ ಒದ್ದೆ ಬಟ್ಟೆ ಹಾಕುತ್ತಾರೆಯೇ ಹೊರತು ಡೋಲೋ ಕೊಡುವುದಿಲ್ಲ. ಅದೇ ಮನೆಯಲ್ಲಿ ಮಂಡಿನೋವಿಗೆ ಡೈಕ್ಲೋಫೆನಾಕ್ ನುಂಗಲು, ಸೊಂಟ ಹಿಡಿದಾಗ ಹತ್ತಿರದ ಕ್ಲಿನಿಕ್ಕಿನಲ್ಲಿ ನೋವಿನ ಇಂಜೆಕ್ಷನ್ ಹಾಕಿಸಿಕೊಳ್ಳಲು, ರಾತ್ರಿ ನಿದ್ದೆ ಬರದಿದ್ದರೆ ಅರ್ಧ ಅಲ್ಪ್ರಜೋಲಾಮ್ ತೆಗೆದುಕೊಳ್ಳಲು ಯಾರಿಗೂ ಅಳುಕಿಲ್ಲ. ಭಯ ಪೂರ್ತಿ ತಲೆಕೆಳಗಾಗಿದೆ. ಪ್ರಮಾಣ ಮೀರದಿದ್ದರೆ ಸಿರೋಸಿಸ್ ರೋಗಿಗೆ ಮೊದಲ ಆಯ್ಕೆಯ ನೋವುನಿವಾರಕ ಪ್ಯಾರಾಸಿಟಮಾಲೇ. ಆಸ್ಪತ್ರೆಗೆ ಸೇರುವ ಸ್ಥಿತಿ ತರುವುದು ಹೆಚ್ಚಾಗಿ ಉಳಿದ ಎರಡು ಗುಂಪು, ಉರಿಯೂತ ಇಳಿಸುವ ನೋವಿನ ಔಷಧಿ ಮತ್ತು ನಿದ್ದೆ ಮಾತ್ರೆ.

ಈ ಭಯಕ್ಕೆ ಕಾರಣ ಇಲ್ಲದಿಲ್ಲ. ಅತಿಯಾದರೆ ಲಿವರ್‌ಗೆ ಹಾನಿ ಎಂಬ ಎಚ್ಚರಿಕೆ ಪ್ಯಾರಾಸಿಟಮಾಲ್ ಪಟ್ಟಿಯ ಬೆನ್ನಿನ ಮೇಲೇ ಇರುತ್ತದೆ. 1966ರಲ್ಲಿ ಸ್ಕಾಟ್ಲೆಂಡಿನ ವೈದ್ಯರು, ಒಂದೇ ಸಲ ರಾಶಿ ಮಾತ್ರೆ ನುಂಗಿದವರಲ್ಲಿ ಲಿವರ್ ಕೊಳೆತುಹೋದದ್ದನ್ನು ಮೊದಲ ಬಾರಿಗೆ ವರದಿ ಮಾಡಿದರು. ಅದು ಹೇಗಾಗುತ್ತದೆ ಎಂಬುದು 1970ರ ದಶಕದ ಆರಂಭದಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಪ್ರಯೋಗಾಲಯದಲ್ಲಿ ಸ್ಪಷ್ಟವಾಯಿತು. ನುಂಗಿದ ಪ್ಯಾರಾಸಿಟಮಾಲಿನ ಬಹುಪಾಲನ್ನು ಲಿವರ್ ನಿರಪಾಯಕಾರಿ ವಸ್ತುವಾಗಿ ಮಾರ್ಪಡಿಸಿ ಮೂತ್ರಕ್ಕೆ ಕಳಿಸುತ್ತದೆ. ಶೇಕಡಾ 5ರಿಂದ 10ರಷ್ಟು ಮಾತ್ರ ಬೇರೆ ದಾರಿ ಹಿಡಿದು ಒಂದು ವಿಷಕಾರಿ ಉಪವಸ್ತುವಾಗುತ್ತದೆ. ಗ್ಲುಟಾಥಯೋನ್ ಎಂಬ ರಾಸಾಯನಿಕ ಆ ವಿಷವನ್ನು ಹುಟ್ಟಿದಲ್ಲೇ ಕಟ್ಟಿಹಾಕುತ್ತದೆ. ಮಾತ್ರೆ ವಿಪರೀತವಾದಾಗ ಗ್ಲುಟಾಥಯೋನ್ ಮುಗಿದುಹೋಗುತ್ತದೆ, ವಿಷ ಲಿವರ್ ಕೋಶಗಳನ್ನೇ ಹಿಡಿಯುತ್ತದೆ.

ಹಾಗಾದರೆ ಮೊದಲೇ ಗಾಯಗೊಂಡ ಲಿವರ್‌ನಲ್ಲಿ ಏನಾಗಬೇಕು? ವಿಷ ಕಟ್ಟುವ ಶಕ್ತಿ ಪೂರ್ತಿ ಬತ್ತಿರುತ್ತದೆ ಎಂದು ಊಹಿಸುವುದು ಸಹಜ. ಆದರೆ ಪರೀಕ್ಷೆಗಳು ಹಾಗೆ ಹೇಳಲಿಲ್ಲ. 1983ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದೀರ್ಘಕಾಲದ ಲಿವರ್ ಕಾಯಿಲೆಯ 20 ಮಂದಿಗೆ ದಿನಕ್ಕೆ 4 ಗ್ರಾಂನಂತೆ 13 ದಿನ ಪ್ಯಾರಾಸಿಟಮಾಲ್ ಕೊಟ್ಟು, ಅಷ್ಟೇ ದಿನ ಹುಸಿಮಾತ್ರೆ ಕೊಟ್ಟು ಹೋಲಿಸಿದರು. ಔಷಧಿಯಿಂದ ಲಿವರ್ ಹದಗೆಟ್ಟದ್ದು ಕಾಣಲಿಲ್ಲ. ಸಿರೋಸಿಸ್‌ನಲ್ಲಿ ಈ ಔಷಧಿ ರಕ್ತದಲ್ಲಿ ಉಳಿಯುವ ಅವಧಿ ಸುಮಾರು ಎರಡು ಪಟ್ಟಾಗುತ್ತದೆ, ನಿಜ. ಆದರೆ ಅಳತೆಯ ಪ್ರಮಾಣದಲ್ಲಿ ತೆಗೆದುಕೊಂಡರೆ ವಿಷದ ದಾರಿ ತನ್ನಷ್ಟಕ್ಕೆ ತಾನೇ ದೊಡ್ಡದಾಗುವುದಿಲ್ಲ.

ಆದರೂ ಆರೋಗ್ಯವಂತರ ಮಿತಿ 4 ಗ್ರಾಂ ಇದ್ದರೆ ಸಿರೋಸಿಸ್ ಇದ್ದವರಿಗೆ ದಿನಕ್ಕೆ 2 ಗ್ರಾಂ ಎಂದು ಇಳಿಸಿರುವುದು ಏಕೆ? ಅಧ್ಯಯನಗಳು ಚಿಕ್ಕವು ಎಂಬುದು ಒಂದು ಕಾರಣ. ಹೊಟ್ಟೆಯಲ್ಲಿ ನೀರು ತುಂಬಿದ, ಮೈ ಕರಗಿದ, ಊಟ ಸೇರದ ರೋಗಿಗಳನ್ನು ಇಂಥ ಪರೀಕ್ಷೆಗಳಿಗೆ ಸೇರಿಸಿಕೊಳ್ಳುವುದೇ ಕಡಿಮೆ. ಅಪಾಯ ಇರುವುದು ಅವರಲ್ಲೇ. ಗ್ಲುಟಾಥಯೋನ್ ತಯಾರಾಗುವುದು ಊಟದ ಪ್ರೋಟೀನಿನಿಂದ, ಹಾಗಾಗಿ ನಾಲ್ಕು ದಿನ ಗಂಜಿ ಮಾತ್ರ ಕುಡಿದವರಲ್ಲಿ ದಾಸ್ತಾನು ತಗ್ಗಿರುತ್ತದೆ. ದಿನವೂ ಕುಡಿಯುವವರಲ್ಲಿ ವಿಷ ತಯಾರಿಸುವ ಕಿಣ್ವವೇ ಹೆಚ್ಚಾಗಿರುತ್ತದೆ. ಎರಡೂ ಒಬ್ಬರಲ್ಲೇ ಸೇರುವುದು ನಮ್ಮಲ್ಲಿ ಅಪರೂಪವಲ್ಲ. ಪೂರ್ತಿ ಆರೋಗ್ಯವಂತರಿಗೇ ದಿನಕ್ಕೆ 4 ಗ್ರಾಂ ಎರಡು ವಾರ ಕೊಟ್ಟ 2006ರ ಅಮೆರಿಕದ ಅಧ್ಯಯನದಲ್ಲಿ, ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನರ ಎಸ್‌ಜಿಪಿಟಿ ಸಾಮಾನ್ಯ ಮಿತಿಯ ಮೂರು ಪಟ್ಟು ಮೀರಿ ಏರಿತ್ತು. ಅವರಿಗೆ ತೊಂದರೆಯೇನೂ ಆಗಲಿಲ್ಲ, ತಾಳಿಕೊಳ್ಳುವ ಶಕ್ತಿ ಲಿವರ್‌ಗಿತ್ತು. ಸಿರೋಸಿಸ್ ಇದ್ದವರಿಗೆ ಆ ಶಕ್ತಿಯನ್ನು ಪರೀಕ್ಷಿಸುವ ಅಗತ್ಯವೇ ಇಲ್ಲ. 2 ಗ್ರಾಂ ಎಂಬುದು ದಾಟಿದ ಕೂಡಲೇ ಅನಾಹುತವಾಗುವ ಗೆರೆಯಲ್ಲ. ಅನಿಶ್ಚಿತತೆಗೆಂದು ಬಿಟ್ಟ ಅಂತರ ಅದು, ಹಾಗೆ ಬಿಟ್ಟದ್ದು ಸರಿಯಾಗಿಯೇ ಇದೆ.

ಲೆಕ್ಕ ಹೀಗೆ. 500 ಮಿಲಿಗ್ರಾಂ ಮಾತ್ರೆಯಾದರೆ ದಿನಕ್ಕೆ ನಾಲ್ಕು, ಒಂದಕ್ಕೂ ಮುಂದಿನದಕ್ಕೂ ಕನಿಷ್ಠ ಆರು ಗಂಟೆ ಅಂತರ. 650ರ ಮಾತ್ರೆಯಾದರೆ ಮೂರು, ಎಂಟು ಗಂಟೆಗೊಂದು. ಮೂರಕ್ಕೆ 1950 ಆಗುತ್ತದೆ, ನಾಲ್ಕನೆಯದು ನುಂಗಿದರೆ 2600. ಕುಡಿತ ಬಿಡದವರು, ಊಟ ಬಿಟ್ಟವರು, ತೀರಾ ತೂಕ ಕಳೆದುಕೊಂಡವರು ಇಷ್ಟನ್ನೂ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಲೆಕ್ಕ ತಪ್ಪುವುದು ಸಾಮಾನ್ಯವಾಗಿ ಗೊತ್ತಿರುವ ಮಾತ್ರೆಯಿಂದಲ್ಲ, ಬೇರೆ ಹೆಸರಿನೊಳಗೆ ಅಡಗಿರುವ ಪ್ಯಾರಾಸಿಟಮಾಲಿನಿಂದ. ನೆಗಡಿ ಮಾತ್ರೆಗಳಲ್ಲಿ ಅನೇಕವುಗಳಲ್ಲಿ ಅದು ಇದೆ, ಟ್ರಮಡಾಲ್ ಜೊತೆಯ ಮಾತ್ರೆಯಲ್ಲಿ ಇದೆ, ಹೆಸರಿನ ಕೊನೆಗೆ ‘ಪಿ’ ಅಕ್ಷರ ಇರುವ ಅನೇಕ ನೋವಿನ ಮಾತ್ರೆಗಳಲ್ಲಿ ಇದೆ. ಮೆಡಿಕಲ್ ಶಾಪಿನವರು ಪಟ್ಟಿಯಿಂದ ನಾಲ್ಕು ಮಾತ್ರೆ ಕತ್ತರಿಸಿ ಕಾಗದದ ಕವರಿಗೆ ಹಾಕಿ ಕೊಟ್ಟಾಗ ಹೆಸರು ಅಂಗಡಿಯಲ್ಲೇ ಉಳಿಯುತ್ತದೆ. ಸಿರೋಸಿಸ್ ಇರುವವರು ಹೆಸರು ಓದಲು ಬರುವ ಹಾಗೆ ಪೂರ್ತಿ ಪಟ್ಟಿಯನ್ನೇ ಕೇಳಿ ತೆಗೆದುಕೊಳ್ಳಬೇಕು.

ಇನ್ನು ಉರಿಯೂತ ಇಳಿಸುವ ನೋವಿನ ಮಾತ್ರೆಗಳ ವಿಷಯ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್, ನ್ಯಾಪ್ರೊಕ್ಸೆನ್, ಇಂಡೋಮೆಥಾಸಿನ್, ಕೆಟೊರೊಲಾಕ್, ನಿಮೆಸುಲೈಡ್, ಎಟೊರಿಕಾಕ್ಸಿಬ್ ಎಲ್ಲವೂ ಒಂದೇ ಕುಟುಂಬ. ಇವು ಲಿವರ್‌ಗೆ ಏನು ಮಾಡುತ್ತವೆ ಎಂದು ಕೇಳುವವರು ಉಂಟು. ನಿಮೆಸುಲೈಡ್‌ನಂಥ ಕೆಲವು ನೇರವಾಗಿಯೇ ಲಿವರ್ ಕೆಡಿಸಬಲ್ಲವು. 12 ವರ್ಷದೊಳಗಿನ ಮಕ್ಕಳಿಗೆ ಅದನ್ನು ಕೊಡುವುದನ್ನು ಭಾರತ 2011ರಲ್ಲೇ ನಿಷೇಧಿಸಿತು. ಆದರೆ ಸಿರೋಸಿಸ್‌ನಲ್ಲಿ ಇವುಗಳ ದೊಡ್ಡ ಹೊಡೆತ ಬೀಳುವುದು ಲಿವರ್ ಮೇಲಲ್ಲ, ಕಿಡ್ನಿ ಮೇಲೆ.

ಅದು ಅರ್ಥವಾಗಬೇಕಾದರೆ ರಕ್ತ ಎಲ್ಲಿ ಹೋಗುತ್ತಿದೆ ಎಂದು ನೋಡಬೇಕು. ಲಿವರ್ ಗಟ್ಟಿಯಾದಾಗ ಕರುಳಿನಿಂದ ಬರುವ ರಕ್ತಕ್ಕೆ ದಾರಿ ಸಿಗದೆ ಪೋರ್ಟಲ್ ರಕ್ತನಾಳದಲ್ಲಿ ಒತ್ತಡ ಏರುತ್ತದೆ. ಅದರ ಪರಿಣಾಮವಾಗಿ ಹೊಟ್ಟೆಯೊಳಗಿನ ರಕ್ತನಾಳಗಳು ಹಿಗ್ಗಿ, ದೇಹದ ರಕ್ತದ ದೊಡ್ಡ ಪಾಲು ಅಲ್ಲೇ ತಂಗುತ್ತದೆ. ಕಾಲುವೆಯ ಮೇಲ್ಭಾಗದವರು ತೂಬುಗಳನ್ನೆಲ್ಲ ಎತ್ತಿಬಿಟ್ಟರೆ ಕೊನೆಭಾಗದ ಗದ್ದೆಗೆ ನೀರು ತಲುಪದ ಹಾಗೆ, ಕಿಡ್ನಿಗೆ ರಕ್ತ ಸಾಲದು. ಕೈಕಾಲು ಊದಿಕೊಂಡು ಹೊಟ್ಟೆಯಲ್ಲಿ ಲೀಟರುಗಟ್ಟಲೆ ನೀರಿದ್ದರೂ ಕಿಡ್ನಿಗೆ ಕಾಣುವುದು ಬರಗಾಲವೇ. ಅದು ಉಪ್ಪನ್ನೂ ನೀರನ್ನೂ ಬಿಗಿಹಿಡಿಯುತ್ತದೆ. ಅದಕ್ಕೆ ಆಜ್ಞೆ ಕೊಡುವ ಹಾರ್ಮೋನುಗಳೇ ಕಿಡ್ನಿಯ ಸಣ್ಣ ರಕ್ತನಾಳಗಳನ್ನೂ ಹಿಸುಕುತ್ತವೆ. ಈ ಹಿಸುಕಿಗೆ ಎದುರಾಗಿ ಕಿಡ್ನಿಯೊಳಕ್ಕೆ ರಕ್ತ ತರುವ ನಾಳವನ್ನು ತೆರೆದಿಡುವುದು ಪ್ರೋಸ್ಟಗ್ಲಾಂಡಿನ್ ಎಂಬ ವಸ್ತು. ಆರೋಗ್ಯವಂತರ ಕಿಡ್ನಿ ಅದರ ಮೇಲೆ ಹೆಚ್ಚು ಅವಲಂಬಿಸಿಲ್ಲ. ಹೊಟ್ಟೆಯಲ್ಲಿ ನೀರು ತುಂಬಿದ ಸಿರೋಸಿಸ್ ರೋಗಿಯ ಕಿಡ್ನಿ ನಡೆಯುತ್ತಿರುವುದೇ ಅದರ ಬಲದಿಂದ.

ಮೇಲೆ ಹೆಸರಿಸಿದ ಮಾತ್ರೆಗಳು ನೋವು ಕಡಿಮೆ ಮಾಡುವುದು ಇದೇ ಪ್ರೋಸ್ಟಗ್ಲಾಂಡಿನ್ ತಯಾರಾಗದಂತೆ ತಡೆದು. ಮಂಡಿಯಲ್ಲಿ ತಡೆದರೆ ನೋವು ಇಳಿಯುತ್ತದೆ, ಕಿಡ್ನಿಯಲ್ಲಿ ತಡೆದರೆ ಸೋಸುವ ಕೆಲಸ ಕುಸಿಯುತ್ತದೆ. ಒಂದನ್ನು ಬಿಟ್ಟು ಒಂದನ್ನು ಮಾಡಲು ಆ ಮಾತ್ರೆಗೆ ಬರುವುದಿಲ್ಲ. ಇಂಜೆಕ್ಷನ್ ಆದರೆ ಹೊಟ್ಟೆಗೆ ತೊಂದರೆಯಿಲ್ಲ, ಹಾಗಾಗಿ ಸುರಕ್ಷಿತ ಎಂಬ ಮಾತಿಗೂ ಇಲ್ಲಿ ಬೆಲೆಯಿಲ್ಲ. ಔಷಧಿ ಯಾವ ದಾರಿಯಿಂದ ಬಂದರೂ ರಕ್ತದ ಮೂಲಕ ಕಿಡ್ನಿ ತಲುಪುತ್ತದೆ. ಸಾಲದ್ದಕ್ಕೆ ಈ ಔಷಧಿಗಳ ಬಹುಪಾಲು ರಕ್ತದ ಆಲ್ಬುಮಿನ್‌ಗೆ ಅಂಟಿಕೊಂಡು ಸಾಗುವಂಥವು. ಸಿರೋಸಿಸ್‌ನಲ್ಲಿ ಆಲ್ಬುಮಿನ್ ತಗ್ಗಿರುವುದರಿಂದ ಅಂಟಿಕೊಳ್ಳದೆ ಬಿಡಿಯಾಗಿ ಕೆಲಸ ಮಾಡುವ ಪಾಲು ಹೆಚ್ಚುತ್ತದೆ.

ಒಂದು ಪ್ರಕರಣವನ್ನು ದಿನದಿನವಾಗಿ ನೋಡೋಣ. ಇದು ಒಬ್ಬ ವ್ಯಕ್ತಿಯ ಕತೆಯಲ್ಲ, ಲಿವರ್ ವಾರ್ಡುಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಜೋಡಿಸಿ ಕಟ್ಟಿದ್ದು. ರೋಗಿಗೆ 55 ವರ್ಷ, ಕೃಷಿಕ, ಕುಡಿತ ಬಿಟ್ಟಿದ್ದಾರೆ. ಹೊಟ್ಟೆಯ ನೀರಿಗೆ ದಿನಕ್ಕೆ ಸ್ಪೈರೊನೊಲ್ಯಾಕ್ಟೋನ್ 100 ಮಿಲಿಗ್ರಾಂ, ಫ್ಯೂರೊಸೆಮೈಡ್ 40 ಮಿಲಿಗ್ರಾಂ, ಜೊತೆಗೆ ಉಪ್ಪು ಕಡಿಮೆ. ತೂಕ 61 ಕಿಲೋ, ಕ್ರಿಯಾಟಿನಿನ್ 0.8, ಎಸ್‌ಜಿಪಿಟಿ 38. ಮಂಡಿ ಹಿಡಿದುಕೊಂಡಾಗ ಅಂಗಡಿಯಲ್ಲಿ ಕೇಳಿ ಅಸಿಕ್ಲೋಫೆನಾಕ್ 100, ಪ್ಯಾರಾಸಿಟಮಾಲ್ 325 ಸೇರಿದ ಮಾತ್ರೆಯನ್ನು ಬೆಳಿಗ್ಗೆ ಸಂಜೆ ಶುರು ಮಾಡುತ್ತಾರೆ. ಮೂರನೇ ದಿನಕ್ಕೆ ನೋವು ಹೋಗಿದೆ, ಮೂತ್ರವೂ ಕಡಿಮೆಯಾಗಿದೆ. ಎರಡನೆಯದನ್ನು ಯಾರೂ ಗಮನಿಸುವುದಿಲ್ಲ. ಆರನೇ ದಿನ ಪಂಚೆ ಕಟ್ಟಲು ಬಿಗಿಯಾಗುತ್ತದೆ, ತೂಕ 64.5. ನೀರಿನ ಮಾತ್ರೆ ಸಾಲುತ್ತಿಲ್ಲ ಎಂದುಕೊಂಡು ಮನೆಯವರು ಅದನ್ನು ಒಂದಕ್ಕೆ ಎರಡು ಮಾಡುತ್ತಾರೆ. ಸಾಲದಿದ್ದದ್ದು ನೀರಿನ ಮಾತ್ರೆಯಲ್ಲ. ಅದು ಕೆಲಸ ಮಾಡಲು ಬೇಕಾದ ಪ್ರೋಸ್ಟಗ್ಲಾಂಡಿನ್ನನ್ನೇ ನೋವಿನ ಮಾತ್ರೆ ಕಸಿದುಕೊಂಡಿದೆ. ಮೊದಲೇ ರಕ್ತ ಸಾಲದ ಕಿಡ್ನಿಗೆ ಈಗ ಇನ್ನೂ ಕಡಿಮೆ.

ಎಂಟನೇ ರಾತ್ರಿ ಅವರಿಗೆ ನಿದ್ದೆಯಿಲ್ಲ. ಹಗಲೆಲ್ಲ ಕೂತಲ್ಲೇ ತೂಕಡಿಕೆ. ‘ಅಪ್ಪನಿಗೆ ರಾತ್ರಿ ನಿದ್ದೆ ಬರ್ತಿಲ್ಲ’ ಎಂದು ಮಗ ಅಲ್ಪ್ರಜೋಲಾಮ್ 0.5 ತಂದುಕೊಡುತ್ತಾನೆ. ಮರುದಿನ ಬೆಳಿಗ್ಗೆ ಎಬ್ಬಿಸಿದರೆ ಕಣ್ಣು ಬಿಟ್ಟು ಮತ್ತೆ ಮುಚ್ಚುತ್ತಾರೆ, ಹೆಂಡತಿಯ ಹೆಸರು ತಪ್ಪು ಹೇಳುತ್ತಾರೆ. ಆಸ್ಪತ್ರೆಯಲ್ಲಿ ಕ್ರಿಯಾಟಿನಿನ್ 2.1, ಪೊಟ್ಯಾಸಿಯಂ 5.9. ಕೈ ಚಾಚಿ ಮಣಿಕಟ್ಟು ಮೇಲೆತ್ತಿ ಹಿಡಿಯಲು ಹೇಳಿದರೆ ಅಂಗೈಗಳು ತಡೆದು ತಡೆದು ಕೆಳಗೆ ಬೀಳುತ್ತವೆ.

ಚಿಕಿತ್ಸೆಯ ಮೊದಲ ಹೆಜ್ಜೆ ನಿಲ್ಲಿಸುವುದು: ನೋವಿನ ಮಾತ್ರೆ, ನೀರಿನ ಮಾತ್ರೆ, ನಿದ್ದೆ ಮಾತ್ರೆ ಮೂರೂ ಬಂದ್. ಹೊಟ್ಟೆಯ ನೀರಿಗೆ ಸೋಂಕು ತಗಲಿದೆಯೇ ಎಂದು ಸೂಜಿ ಹಾಕಿ ತೆಗೆದು ನೋಡುತ್ತಾರೆ. ಪೊಟ್ಯಾಸಿಯಂ ಇಳಿಸುತ್ತಾರೆ. ಕಿಲೋ ತೂಕಕ್ಕೆ ಒಂದು ಗ್ರಾಂನಂತೆ ಎರಡು ದಿನ ಆಲ್ಬುಮಿನ್ ಕೊಡುತ್ತಾರೆ. ಇವರಿಗೆ ದಿನಕ್ಕೆ 20 ಗ್ರಾಂನ ಮೂರು ಬಾಟಲಿ, ಅದೂ ಉಸಿರಾಟದ ಮೇಲೆ ಕಣ್ಣಿಟ್ಟು. ಮಲ ಸಡಿಲವಾಗಿ ಹೋಗುವಂತೆ ಲ್ಯಾಕ್ಟುಲೋಸ್. ಬೇಗ ಬಂದವರಲ್ಲಿ ಹೆಚ್ಚಿನವರ ಕ್ರಿಯಾಟಿನಿನ್ ಕೆಲವು ದಿನಗಳಲ್ಲಿ ಇಳಿಯುತ್ತದೆ. ಇಳಿಯದಿದ್ದರೆ ಹೆಪಟೋರೀನಲ್ ಸಿಂಡ್ರೋಮ್ ಎಂದು ಬಗೆದು ಟೆರ್ಲಿಪ್ರೆಸಿನ್ ಕಡೆಗೆ ಹೋಗಬೇಕಾಗುತ್ತದೆ, ಅಲ್ಲಿಂದ ಮುಂದೆ ಹಾದಿ ಕಠಿಣ.

ಇಲ್ಲಿ ಎರಡು ಸಂಗತಿ ಕಲಿಯಬೇಕಾದವು. ಆ ಮಾತ್ರೆಯಲ್ಲಿದ್ದ ಪ್ಯಾರಾಸಿಟಮಾಲ್ ದಿನಕ್ಕೆ 650 ಮಿಲಿಗ್ರಾಂ ಮಾತ್ರ, ಮಿತಿಯ ಮೂರನೇ ಒಂದು ಪಾಲಿಗಿಂತ ಚಿಕ್ಕದು. ಆದರೂ ಮನೆಯವರು ಕೊನೆಗೆ ಬೈಯುವುದು ಅದನ್ನೇ. ಇನ್ನೊಂದು, ಮೊದಲ ರಿಪೋರ್ಟಿನ ಎಸ್‌ಜಿಪಿಟಿ 38 ಎಂಬ ಅಂಕಿ ಎಲ್ಲರನ್ನೂ ಸಮಾಧಾನಪಡಿಸಿತ್ತು. ಎಸ್‌ಜಿಪಿಟಿ ಹೇಳುವುದು ಈಗ ಎಷ್ಟು ಕೋಶಗಳು ಒಡೆಯುತ್ತಿವೆ ಎಂದು ಮಾತ್ರ. ಲಿವರ್‌ಗೆ ಎಷ್ಟು ಕೆಲಸ ಮಾಡುವ ಶಕ್ತಿ ಉಳಿದಿದೆ ಎಂಬುದು ಅದರಲ್ಲಿಲ್ಲ. ಅದನ್ನು ಅಂದಾಜು ಮಾಡಲು ವೈದ್ಯರು ಬಿಲಿರುಬಿನ್, ಆಲ್ಬುಮಿನ್, ರಕ್ತ ಹೆಪ್ಪುಗಟ್ಟುವ ಸಮಯ, ಹೊಟ್ಟೆಯ ನೀರು, ಮನಸ್ಸಿನ ಎಚ್ಚರ ಈ ಐದನ್ನು ಸೇರಿಸಿ ಚೈಲ್ಡ್-ಪ್ಯೂ ಎಂಬ ಅಂಕ ಕೊಟ್ಟು ಎ, ಬಿ, ಸಿ ಎಂದು ವಿಂಗಡಿಸುತ್ತಾರೆ. ಕ್ರಿಯಾಟಿನಿನ್ ಕೂಡ ಇವರಲ್ಲಿ ಮೋಸ ಮಾಡುತ್ತದೆ. ಮಾಂಸಖಂಡ ಕರಗಿರುವುದರಿಂದ ಅಂಕಿ ಕಡಿಮೆಯೇ ಕಾಣುತ್ತದೆ. ಆದ್ದರಿಂದ 0.8ರಿಂದ 1.1ಕ್ಕೆ ಎರಡೇ ದಿನದಲ್ಲಿ ಏರಿದರೂ, ಲ್ಯಾಬಿನ ಕಾಗದದಲ್ಲಿ ಅದು ‘ನಾರ್ಮಲ್’ ಎಂದಿದ್ದರೂ, ಸಿರೋಸಿಸ್‌ನಲ್ಲಿ ಅದನ್ನು ಕಿಡ್ನಿಗೆ ಬಿದ್ದ ಪೆಟ್ಟು ಎಂದೇ ಗಣಿಸುತ್ತಾರೆ.

ಈ ಮಾತ್ರೆಗಳ ಇನ್ನೊಂದು ಅಪಾಯ ರಕ್ತಸ್ರಾವ. ಅವು ಜಠರದಲ್ಲಿ ಹುಣ್ಣು ಮಾಡುತ್ತವೆ, ಪ್ಲೇಟ್ಲೆಟ್‌ಗಳು ಅಂಟಿಕೊಳ್ಳದಂತೆ ಮಾಡುತ್ತವೆ. ಸಿರೋಸಿಸ್ ಇದ್ದವರ ಅನ್ನನಾಳದಲ್ಲಿ ಊದಿದ ರಕ್ತನಾಳಗಳು ಮೊದಲೇ ಒಡೆಯಲು ಕಾದಿರುತ್ತವೆ. ಅವು ಮೊದಲ ಸಲ ಒಡೆದು ಬಂದವರಲ್ಲಿ ಇಂಥ ಮಾತ್ರೆ ಸೇವಿಸಿದ್ದವರ ಪಾಲು ಹೆಚ್ಚಿತ್ತೆಂದು 1999ರ ಫ್ರೆಂಚ್ ಅಧ್ಯಯನವೊಂದು ತೋರಿಸಿತು. ಮಲ ಡಾಂಬರಿನಂತೆ ಕಪ್ಪಾಗಿ ಅಂಟಂಟಾಗಿ ಹೋದರೆ ಅದು ಕಾಯುವ ಲಕ್ಷಣವಲ್ಲ. ಹೊಟ್ಟೆಗೆ ಮೃದು ಎಂದು ಮಾರುವ ಸೆಲೆಕಾಕ್ಸಿಬ್, ಎಟೊರಿಕಾಕ್ಸಿಬ್‌ಗಳಿಂದ ಹುಣ್ಣು ಕಡಿಮೆಯಾಗಬಹುದು, ಕಿಡ್ನಿಯ ವಿಷಯದಲ್ಲಿ ಅವುಗಳಿಗೆ ವಿನಾಯಿತಿಯಿಲ್ಲ. ಹಚ್ಚುವ ಡೈಕ್ಲೋಫೆನಾಕ್ ಜೆಲ್‌ನಿಂದ ರಕ್ತಕ್ಕೆ ಸೇರುವುದು ಅಲ್ಪ. ಹೊಟ್ಟೆಯಲ್ಲಿ ನೀರಿಲ್ಲದ, ಕಿಡ್ನಿ ಚೆನ್ನಾಗಿರುವವರು ಒಂದು ಮಂಡಿಗೆ ಕೆಲವು ದಿನ ಹಚ್ಚಿಕೊಳ್ಳಬಹುದೇ ಎಂದು ವೈದ್ಯರನ್ನು ಕೇಳುವುದರಲ್ಲಿ ಅರ್ಥವಿದೆ. ನೀರು ತುಂಬಿದವರು ಅದನ್ನೂ ಬಿಡುವುದು ಲೇಸು.

ನಿದ್ದೆ ಮಾತ್ರೆಯ ಕಡೆಗೆ ಬರೋಣ. ಕರುಳಿನಲ್ಲಿ ಹುಟ್ಟುವ ಅಮೋನಿಯಾವನ್ನು ಲಿವರ್ ಯೂರಿಯಾ ಮಾಡಿ ಹೊರಹಾಕಬೇಕು. ಸಿರೋಸಿಸ್‌ನಲ್ಲಿ ಲಿವರ್ ಸೋತಿರುವುದಷ್ಟೇ ಅಲ್ಲ, ರಕ್ತ ಅಡ್ಡದಾರಿಗಳಲ್ಲಿ ಲಿವರ್‌ಗೇ ಹೋಗದೆ ದಾಟಿಬಿಡುತ್ತದೆ. ಅಮೋನಿಯಾ ಮಿದುಳು ಸೇರಿ ಎನ್‌ಸೆಫಲೋಪತಿ ಎಂಬ ಮಂಕು ಕವಿಯುತ್ತದೆ. ಅದರ ಆರಂಭದ ಗುರುತುಗಳಲ್ಲಿ ಒಂದು, ರಾತ್ರಿ ನಿದ್ದೆ ಹೋಗಿ ಹಗಲು ನಿದ್ದೆ ಬರುವುದು. ಮೇಲಿನ ಪ್ರಕರಣದಲ್ಲಿ ಮಗ ನಿದ್ರಾಹೀನತೆ ಎಂದುಕೊಂಡದ್ದು ಇದನ್ನೇ. ಎಚ್ಚರಿಕೆಯ ಗಂಟೆ ಹೊಡೆದಾಗ ಅದನ್ನು ಸುಮ್ಮನಾಗಿಸುವ ಮಾತ್ರೆ ಕೊಟ್ಟಂತಾಯಿತು. ಲ್ಯಾಕ್ಟುಲೋಸ್ ಹೆಚ್ಚಿಸಿ ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಮಲ ಹೋಗುವಂತೆ ಮಾಡಿದರೆ ಎಷ್ಟೋ ಜನರ ರಾತ್ರಿಯ ನಿದ್ದೆ ತಾನಾಗಿ ಮರಳುತ್ತದೆ.

ಅಲ್ಪ್ರಜೋಲಾಮ್, ಡಯಾಜೆಪಾಮ್, ಕ್ಲೋರ್‌ಡಯಾಜೆಪಾಕ್ಸೈಡ್ ಕೆಲಸ ಮಾಡುವುದು ಮಿದುಳಿನ ಅದೇ ಮಂಕಾಗಿಸುವ ವ್ಯವಸ್ಥೆಯ ಮೇಲೆ, ಆದ್ದರಿಂದ ಮಂಕಿನ ಮೇಲೆ ಮಂಕು. ಜೊತೆಗೆ ಅವು ದೇಹ ಬಿಡುವುದೂ ತಡ. ಅರ್ಧದಷ್ಟು ಔಷಧಿ ಕರಗಲು ಹಿಡಿಯುವ ಸಮಯ ಡಯಾಜೆಪಾಮ್‌ಗೆ ಆರೋಗ್ಯವಂತರಲ್ಲಿ ಸುಮಾರು 46 ಗಂಟೆ, ಸಿರೋಸಿಸ್ ಇದ್ದವರಲ್ಲಿ 105 ಗಂಟೆ ಎಂದು 1975ರ ಅಧ್ಯಯನವೊಂದು ಅಳೆದಿತ್ತು. ಅಂದರೆ ಸೋಮವಾರ ರಾತ್ರಿ ನುಂಗಿದ್ದರಲ್ಲಿ ಅರ್ಧ ಶುಕ್ರವಾರವೂ ರಕ್ತದಲ್ಲಿದೆ, ಅದರ ಮೇಲೆ ಮಂಗಳವಾರದ್ದು, ಬುಧವಾರದ್ದು. ಹಗುರ ಎಂದು ಹೆಸರಾದ ಜೋಲ್ಪಿಡೆಮ್ ಕೂಡ ಸಿರೋಸಿಸ್‌ನಲ್ಲಿ ನಾಲ್ಕು ಪಟ್ಟಿಗಿಂತ ಹೆಚ್ಚು ಹೊತ್ತು ನಿಲ್ಲುತ್ತದೆ.

ನಿದ್ದೆ ಮಾತ್ರೆ ಎಂಬ ಹೆಸರಿಲ್ಲದೆ ಮನೆ ಸೇರುವ ನಿದ್ದೆ ಔಷಧಿಗಳೂ ಇವೆ. ಲಿವರ್ ಕಾಯಿಲೆಯಲ್ಲಿ ಮೈ ತುರಿಕೆ ಸಾಮಾನ್ಯ, ಅದಕ್ಕೆ ಫೆನಿರಮಿನ್ ಅಥವಾ ಹೈಡ್ರಾಕ್ಸಿಜೀನ್ ಕೊಡುತ್ತಾರೆ. ಈ ತುರಿಕೆಗೆ ಕಾರಣ ಅಲರ್ಜಿಯಲ್ಲ, ಹೊರಹೋಗದೆ ರಕ್ತದಲ್ಲಿ ಉಳಿದ ಪಿತ್ತಕ್ಕೆ ಸಂಬಂಧಿಸಿದ ವಸ್ತುಗಳು. ಹಾಗಾಗಿ ತುರಿಕೆ ಅಷ್ಟೇನೂ ಇಳಿಯುವುದಿಲ್ಲ, ತೂಕಡಿಕೆ ಮಾತ್ರ ಹೆಚ್ಚುತ್ತದೆ. ಇಲ್ಲಿ ಬಳಸುವ ಮೊದಲ ಔಷಧಿ ಕರುಳಿನಲ್ಲೇ ಪಿತ್ತವನ್ನು ಹಿಡಿಯುವ ಕೊಲೆಸ್ಟೈರಮಿನ್ ಪುಡಿ. ಕೊಡೀನ್ ಇರುವ ಕೆಮ್ಮಿನ ಸಿರಪ್ಪು, ಕ್ಲೋರ್‌ಫೆನಿರಮಿನ್ ಇರುವ ನೆಗಡಿ ಮಾತ್ರೆ ಕೂಡ ಇದೇ ಸಾಲಿಗೆ ಸೇರಿದವು.

ಒಂದು ಸಂದರ್ಭದಲ್ಲಿ ಮಾತ್ರ ನಿದ್ದೆ ಗುಂಪಿನ ಔಷಧಿ ಬೇಕೇ ಬೇಕಾಗುತ್ತದೆ. ದಿನವೂ ಕುಡಿಯುತ್ತಿದ್ದವರು ಏಕಾಏಕಿ ನಿಲ್ಲಿಸಿದಾಗ ನಡುಕ, ಬೆವರು, ಭ್ರಮೆ, ಫಿಟ್ಸ್ ಬರುತ್ತದೆ, ಔಷಧಿ ಕೊಡದಿದ್ದರೆ ಪ್ರಾಣಕ್ಕೇ ಅಪಾಯ. ಆಗ ಡಯಾಜೆಪಾಮ್ ಬದಲು ಲೊರಾಜೆಪಾಮ್ ಆರಿಸುತ್ತಾರೆ. ಅದನ್ನು ಲಿವರ್ ಒಂದೇ ಸರಳ ಹೆಜ್ಜೆಯಲ್ಲಿ ಕರಗಿಸುತ್ತದೆ, ಆ ಸಾಮರ್ಥ್ಯ ಸಿರೋಸಿಸ್‌ನಲ್ಲೂ ಬಹುಮಟ್ಟಿಗೆ ಉಳಿದಿರುತ್ತದೆ. ಅದೂ ವಾರ್ಡಿನಲ್ಲಿ, ಲಕ್ಷಣ ನೋಡಿ ನೋಡಿ, ಸಣ್ಣ ಪ್ರಮಾಣದಲ್ಲಿ. ಮನೆಯಲ್ಲಿ ಮಾಡುವ ಕೆಲಸವಲ್ಲ.

ಕ್ಯಾನ್ಸರ್ ನೋವು, ಮೂಳೆ ಮುರಿತದ ನೋವು ಪ್ಯಾರಾಸಿಟಮಾಲಿಗೆ ಬಗ್ಗುವುದಿಲ್ಲ. ಉರಿಯೂತದ ಮಾತ್ರೆಗಳ ಬಾಗಿಲು ಮುಚ್ಚಿರುವುದರಿಂದ ಆಗ ಓಪಿಯಾಯ್ಡ್‌ಗಳ ಕಡೆಗೇ ನೋಡಬೇಕು, ನೋವಿನಲ್ಲಿ ನರಳಲು ಬಿಡುವುದು ಉತ್ತರವಲ್ಲ. ಕೊಡೀನ್ ಕೆಲಸ ಮಾಡಬೇಕಾದರೆ ಲಿವರ್ ಅದನ್ನು ಮಾರ್ಫಿನ್ ಆಗಿ ಬದಲಿಸಬೇಕು, ಹಾಗಾಗಿ ಅದರ ಪರಿಣಾಮ ಊಹೆಗೆ ಸಿಗದು. ಬಾಯಿಂದ ಕೊಟ್ಟ ಮಾರ್ಫಿನ್‌ನ ದೊಡ್ಡ ಪಾಲನ್ನು ಆರೋಗ್ಯವಂತ ಲಿವರ್ ಮೊದಲ ಸುತ್ತಿನಲ್ಲೇ ಕರಗಿಸುತ್ತದೆ, ಸಿರೋಸಿಸ್‌ನಲ್ಲಿ ಅದೇ ಪ್ರಮಾಣದಲ್ಲಿ ಹೆಚ್ಚು ಮಾರ್ಫಿನ್ ರಕ್ತ ಸೇರುತ್ತದೆ. ಕಿಡ್ನಿ ಸೋತಿದ್ದರೆ ಅದರ ಉಪವಸ್ತುಗಳೂ ಹೊರಹೋಗದೆ ಶೇಖರವಾಗುತ್ತವೆ. ಅಂಥವರಿಗೆ ಫೆಂಟನಿಲ್ ಮೇಲು ಎಂದು ಅನೇಕ ತಜ್ಞರು ಭಾವಿಸುತ್ತಾರೆ. ಯಾವುದನ್ನೇ ಕೊಟ್ಟರೂ ಸಾಮಾನ್ಯ ಪ್ರಮಾಣದ ಅರ್ಧ ಅಥವಾ ಅದಕ್ಕಿಂತ ಕಡಿಮೆಯಿಂದ ಶುರು ಮಾಡಿ, ಎರಡು ಡೋಸುಗಳ ನಡುವಿನ ಅಂತರ ಹೆಚ್ಚಿಸುತ್ತಾರೆ. ಓಪಿಯಾಯ್ಡ್ ಶುರುವಾದ ದಿನವೇ ಲ್ಯಾಕ್ಟುಲೋಸ್ ಕೂಡ ಶುರುವಾಗಬೇಕು. ಮಲಬದ್ಧತೆ ಎರಡು ದಿನ ಮುಂದುವರಿದರೆ ಅಮೋನಿಯಾ ಏರಲು ಅಷ್ಟೇ ಸಾಕು. ಮನೆಯವರು ದಿನವೂ ಬರೆದಿಡಬೇಕಾದದ್ದು ಮೂರು: ಬೆಳಗಿನ ತೂಕ, ಎಷ್ಟು ಸಲ ಮಲ ಹೋಯಿತು, ಕಾಗದದ ಮೇಲೆ ರೋಗಿಯದೇ ಒಂದು ಸಹಿ. ಸಹಿ ನಿನ್ನೆಯದಕ್ಕಿಂತ ಅಂಕುಡೊಂಕಾಗಿದ್ದರೆ ಮುಂದಿನ ಡೋಸ್ ಕೊಡದೆ ವೈದ್ಯರಿಗೆ ಫೋನ್ ಮಾಡಬೇಕು.